ದುಡಿದಿದ್ದು ಮಾರ್ಚ್‌ವರೆಗೆ, ದುಡ್ಡು ಮಾತ್ರ ಜುಲೈವರೆಗೆ ಕೂತವರಿಗೆ

ಕೆಲಸ ಬಿಟ್ಟ ಅಕ್ಕನ ಮಗನ ಫುಲ್ ಅಂಡ್ ಫೈನಲ್ ಲೆಕ್ಕದ ಶೀಟು ಮೊನ್ನೆ ಬಂತು. ‘ಚಿಕ್ಕಮ್ಮ, ನೀನೊಂದ್ಸಲ ನೋಡು, ನಂಗೆ ತಲೆಬುಡ ಅರ್ಥ ಆಗ್ತಿಲ್ಲ’ ಅಂತ ವಾಟ್ಸಾಪ್‌ಗೆ ಹಾಕಿದ್ದ. ನೋಡಿದೆ. ಅರ್ಥ ಆಗದಿರೋಕೆ ಅಲ್ಲೇನೂ ಇರಲಿಲ್ಲ. ರಜೆ ಎನ್‌ಕ್ಯಾಶ್‌ಮೆಂಟ್ ಇತ್ತು, ಆಗಸ್ಟ್‌ನ ಮುರುಕು ಸಂಬಳ ಇತ್ತು, ಐದು ವರ್ಷ ತುಂಬಿಲ್ಲದ ಕಾರಣ ಗ್ರಾಚ್ಯುಟಿ ಇರಲಿಲ್ಲ. ವೇರಿಯಬಲ್ ಪೇ, ಅಂದ್ರೆ ಸಾಧನೆ ನೋಡಿ ಕೊಡೋ ಸಂಬಳದ ಭಾಗ, ಅನ್ನೋ ಸಾಲಿನ ಮುಂದೆ ಸೊನ್ನೆ. ಪಕ್ಕದ ಕಾಲಂನಲ್ಲಿ ‘ಪಾವತಿ ದಿನಾಂಕದಂದು ನೋಟಿಸ್ ಅವಧಿಯಲ್ಲಿದ್ದರು, ಅರ್ಹರಲ್ಲ’ ಅನ್ನೋ ಅರ್ಥದ ಒಂದು ಸಾಲು.

ಆ ಸಾಲು ನೋಡಿ ನಂಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಅದಕ್ಕೇ ಈ ಬರಹ. ವಸಂತನರಸಾಪುರದ ಕಡೆ ಫ್ಯಾಕ್ಟರಿಗಳಲ್ಲಿ ಸಂಬಳದ ಶೀಟು ಮಾಡ್ಕೊಂಡೇ ನನ್ನ ಕೂದಲು ಬೆಳ್ಳಗಾಗಿದ್ದು ಅಂತ ನಿಮಗೆ ಗೊತ್ತು. ಹಾಗಾಗಿ ‘ನಿಂಗೇನು ಗೊತ್ತು ಕಾರ್ಪೊರೇಟ್ ವಿಷಯ’ ಅಂತ ಯಾರೂ ಕೆಳಗೆ ಬರೀಬೇಡಿ.

ಹುಡುಗನ ಕತೆ ಕೇಳಿ. ಬೆಂಗಳೂರಿನ ಕಂಪನಿ, ಹೆಸರು ಬೇಡ. ಸೇರುವಾಗ ಸಿಟಿಸಿ, ಅಂದ್ರೆ ಇವನಿಗೆ ಅಂತ ಕಂಪನಿ ಮಾಡೋ ವರ್ಷದ ಒಟ್ಟು ಖರ್ಚು, 9 ಲಕ್ಷ ಅಂದ್ರು. ಅದರಲ್ಲಿ ನೂರಕ್ಕೆ 15, ಅಂದ್ರೆ 1,35,000 ರೂಪಾಯಿ ವೇರಿಯಬಲ್. ಲೆಕ್ಕದ ವರ್ಷ ಏಪ್ರಿಲ್‌ನಿಂದ ಮಾರ್ಚ್. ಇವನು ವರ್ಷಪೂರ್ತಿ ಕೆಲಸ ಮಾಡಿದ. ಮೇನಲ್ಲಿ ರೇಟಿಂಗ್ ಆಯ್ತು. ಜೂನ್ ಎರಡನೇ ವಾರ ಕಾಗದ ಕೈಗೆ ಬಂತು: ನಿಮ್ಮ ಸಾಧನೆಗೆ ಅಭಿನಂದನೆ, ಕಂಪನಿಯ ಫಲಿತಾಂಶ ನೂರಕ್ಕೆ 90 ಆದ ಕಾರಣ ನಿಮ್ಮ ಮೊತ್ತ 1,21,500. ಪಾವತಿ ಜುಲೈ ಸಂಬಳದ ಜೊತೆ, 31ಕ್ಕೆ.

ಮಾರ್ಚ್ 31ಕ್ಕೆ ಕೆಲಸ ಮುಗೀತು. ಜೂನ್‌ನಲ್ಲಿ ಎಷ್ಟು ಅಂತ ಬರೆದು ಸಹಿ ಹಾಕಿ ಕೊಟ್ಟಾಯ್ತು. ಇನ್ನು ಅದರಲ್ಲಿ ‘ವೇರಿಯಬಲ್’ ಆಗೋದಕ್ಕೆ ಉಳಿದಿದ್ದಾದ್ರೂ ಏನು ಸ್ವಾಮಿ?

ಜೂನ್ 24ಕ್ಕೆ ಹುಡುಗ ರಾಜೀನಾಮೆ ಮೇಲ್ ಹಾಕಿದ. ಹೊಸ ಕಡೆ ಆಗಸ್ಟ್ ಕೊನೆಯೊಳಗೆ ಬರಲೇಬೇಕು ಅಂದಿದ್ರು, ಇಲ್ಲಿ ನೋಟಿಸ್ 60 ದಿನ. ಕೊನೆಯ ದಿನ ಆಗಸ್ಟ್ 22. ಅಂದ್ರೆ ಜುಲೈ 31ಕ್ಕೆ ಇವನು ಎಲ್ಲೂ ಓಡಿ ಹೋಗಿರಲಿಲ್ಲ. ಬೆಳಗಿನ ರೈಲು ಹಿಡಿದು ಯಶವಂತಪುರದಲ್ಲಿಳಿದು ಆಫೀಸಿಗೆ ಹೋಗಿ, ತನ್ನ ಜಾಗಕ್ಕೆ ಬಂದವನಿಗೆ ಕೆಲಸ ಹೇಳಿಕೊಡ್ತಾ ಕೂತಿದ್ದ. ರೋಲ್‌ನಲ್ಲೇ, ಅಂದ್ರೆ ನೌಕರರ ಪಟ್ಟಿಯಲ್ಲೇ ಇದ್ದ. ಪಿಎಫ್ ಕಟ್ ಆಗ್ತಿತ್ತು. ಆದ್ರೆ ಷರತ್ತು ಬರೀ ‘ರೋಲ್‌ನಲ್ಲಿರಬೇಕು’ ಅಂತ ಇರಲಿಲ್ಲ. ‘ರೋಲ್‌ನಲ್ಲಿರಬೇಕು, ರಾಜೀನಾಮೆ ಕೊಟ್ಟಿರಲೂಬಾರದು’ ಅಂತಿತ್ತು. ಎರಡರ ನಡುವಿನ ವ್ಯತ್ಯಾಸ ಇವನ ಪಾಲಿಗೆ 1,21,500 ರೂಪಾಯಿ. ಬರೀ ಮೊದಲ ಭಾಗ ಇದ್ದಿದ್ರೆ ದುಡ್ಡು ಬರ್ತಿತ್ತು.

ಈ ಷರತ್ತು ಆಫರ್ ಲೆಟರ್‌ನಲ್ಲಿ ಇರಲಿಲ್ಲ ಅನ್ನೋದು ಇನ್ನೊಂದು ಮಜಾ. ಅಲ್ಲಿದ್ದಿದ್ದು ‘ಕಾಲಕಾಲಕ್ಕೆ ತಿದ್ದುಪಡಿಯಾಗುವ ಕಂಪನಿ ಪಾಲಿಸಿಯ ಪ್ರಕಾರ’ ಅಂತ ಮಾತ್ರ. ಆ ಪಾಲಿಸಿ ಇರೋದು ಕಂಪನಿಯ ಒಳಗಿನ ಪೋರ್ಟಲ್‌ನಲ್ಲಿ. ಅದನ್ನ ನೋಡೋಕೆ ಲಾಗಿನ್ ಬೇಕು, ಲಾಗಿನ್ ಬೇಕಂದ್ರೆ ಮೊದಲು ಸೇರಬೇಕು.

ಈಗ ಶುರುವಾಗುತ್ತೆ ಬುದ್ಧಿವಾದ. ನಮ್ಮ ಭಾವನೇ ಶುರು ಮಾಡಿದ್ರು: ‘ಒಂದು ತಿಂಗಳು ತಡ್ಕೊಂಡು ಆಗಸ್ಟ್ 1ಕ್ಕೆ ಮೇಲ್ ಹಾಕಿದ್ರೆ ಎಲ್ಲಾ ಸಿಕ್ತಿತ್ತಲ್ಲ?’

ಎಲ್ಲಾ ಸಿಗ್ತಿರಲಿಲ್ಲ ಭಾವ. ಇದನ್ನ ಸ್ವಲ್ಪ ನಿಧಾನಕ್ಕೆ ಹೇಳ್ತೀನಿ, ಯಾಕಂದ್ರೆ ಓದಿದವರೂ ಇಲ್ಲೇ ಎಡವೋದು. ಆಗಸ್ಟ್ 1ಕ್ಕೆ ಕೊಟ್ಟಿದ್ರೆ ಹಳೇ ವರ್ಷದ 1,21,500 ಸಿಕ್ತಿತ್ತು, ನಿಜ. ಅರವತ್ತು ದಿನ ಕಳೆದು ಹೊರಗೆ ಬರೋಷ್ಟರಲ್ಲಿ ಸೆಪ್ಟೆಂಬರ್ ಕೊನೆ. ಅಷ್ಟೊತ್ತಿಗೆ ಹೊಸ ಲೆಕ್ಕದ ವರ್ಷದಲ್ಲಿ ಏಪ್ರಿಲ್‌ನಿಂದ ಆರು ತಿಂಗಳು ದುಡಿದಾಗಿರುತ್ತೆ. ಆ ಆರು ತಿಂಗಳ ವೇರಿಯಬಲ್ ಪಾಲು 67,500. ಅದರ ಪಾವತಿ ಮುಂದಿನ ಜುಲೈಗೆ, ಆಗ ಇವನು ಅಲ್ಲಿರಲ್ಲ, ಹಾಗಾಗಿ ಅದೂ ಸೊನ್ನೆ. ಅಂದ್ರೆ ಅತ್ಯಂತ ಜಾಣತನದಿಂದ, ಪಂಚಾಂಗ ನೋಡಿ ಮುಹೂರ್ತ ಇಟ್ಟು ರಾಜೀನಾಮೆ ಕೊಟ್ರೂ ಅರ್ಧ ವರ್ಷದ್ದು ಹೋಗೇ ಹೋಗುತ್ತೆ. ವರ್ಷ ಮುಗಿದ ಮೇಲೆ ಪಾವತಿಗೆ ಹಿಡಿಯೋ ನಾಲ್ಕು ತಿಂಗಳು, ಅದರ ಮೇಲೆ ನೋಟಿಸ್‌ನ ಎರಡು ತಿಂಗಳು, ಒಟ್ಟು ಆರು. ನೋಟಿಸ್ 90 ದಿನ ಇರೋ ಕಡೆ ಏಳು. ಪಾವತಿಯನ್ನ ಸೆಪ್ಟೆಂಬರ್‌ಗೆ ಮುಂದೂಡಿದ್ರೆ ಇನ್ನೂ ಎರಡು ಸೇರಿಸ್ಕೊಳ್ಳಿ. ಬಿಟ್ಟು ಹೋಗೋ ಯಾವ ಮನುಷ್ಯನೂ ಇದನ್ನ ತಪ್ಪಿಸ್ಕೊಳ್ಳೋಕಾಗಲ್ಲ. 9 ಲಕ್ಷ ಅಂತ ಹೇಳಿದಾಗ ಇದನ್ನ ಯಾರಾದ್ರೂ ಹೇಳಿದ್ರಾ?

ನಮ್ಮ ಹುಡುಗನಿಗೆ ಹಳೇ ವರ್ಷದ 1,21,500 ಜೊತೆಗೆ ಏಪ್ರಿಲ್‌ನಿಂದ ಆಗಸ್ಟ್ 22ರವರೆಗಿನ ಸುಮಾರು 53 ಸಾವಿರವೂ ಹೋಯ್ತು. ಅದು ಶೀಟ್‌ನಲ್ಲಿ ಸಾಲಾಗಿಯೂ ಬರಲ್ಲ. ಸೊನ್ನೆ ಅಂತ ಬರೆಯೋ ಮರ್ಯಾದೆಯೂ ಅದಕ್ಕಿಲ್ಲ.

‘ಒಳ್ಳೆಯವರನ್ನ ಉಳಿಸ್ಕೊಳ್ಳೋಕೆ ಕಂಪನಿಗೂ ಏನಾದ್ರೂ ಬೇಕಲ್ಲ’ ಅಂತ ನಮ್ಮ ಎಚ್‌ಆರ್ ಗೆಳತಿಯರು ಹೇಳ್ತಾರೆ. ಬೇಕಪ್ಪಾ, ಬೇಡ ಅಂದವರ್ಯಾರು? ಅದಕ್ಕೆ ರಿಟೆನ್ಶನ್ ಬೋನಸ್ ಅಂತ ಬೇರೆಯದೇ ಇದೆ. ಇಂಥ ದಿನದವರೆಗೆ ಇದ್ರೆ ಇಷ್ಟು ಕೊಡ್ತೀವಿ ಅಂತ ಮುಖಕ್ಕೆ ಹೇಳಿ ಕೊಡೋದು. ಅಲ್ಲಿ ಇರೋದೇ ಕೆಲಸ, ಅದಕ್ಕೇ ಕಾಸು. ಅದರ ಬಗ್ಗೆ ನನ್ನ ತಕರಾರಿಲ್ಲ. ಸಂಬಳದ ಭಾಗ ಅಂತ ಹೇಳಿ ಕರ್ಕೊಂಡು ಬಂದು, ದುಡಿಸಿಕೊಂಡು, ಅಳೆದು, ಆಮೇಲೆ ಅದನ್ನೇ ಹಗ್ಗ ಮಾಡಿ ಕಾಲಿಗೆ ಕಟ್ಟೋದು ಬೇರೆ ಮಾತು. ಗುಬ್ಬಿ ಕಡೆ ನಮ್ಮ ತೋಟದಲ್ಲಿ ಅಡಿಕೆ ಸುಲಿಯೋಕೆ ಬಂದವರಿಗೆ ‘ಕೂಲಿ ನಾಲ್ಕು ತಿಂಗಳು ಬಿಟ್ಟು ಕೊಡ್ತೀನಿ, ಅಷ್ಟರಲ್ಲಿ ಪಕ್ಕದ ತೋಟದ ಕೆಲಸ ಒಪ್ಕೊಂಡ್ರೆ ಇಲ್ಲ’ ಅಂತ ನಮ್ಮಪ್ಪ ಹೇಳಿದ್ದಿದ್ರೆ ಊರವರು ಸುಮ್ನೆ ಬಿಡ್ತಿದ್ರಾ?

ಇನ್ನು ಉಳಿಸ್ಕೊಳ್ಳೋ ಮಾತು. ಪಾವತಿ ಆದ ಮಾರನೇ ವಾರ ಬಂದು ಬೀಳೋ ರಾಜೀನಾಮೆಗಳನ್ನ ನೋಡಿದವಳು ನಾನು. ಯಾರೂ ಉಳಿದಿರಲ್ಲ. ಮನಸ್ಸು ಹೊರಟು ಹೋಗಿರುತ್ತೆ, ದೇಹ ಮಾತ್ರ ಪಂಚ್ ಹೊಡೀತಿರುತ್ತೆ.

ಒಳಗಿನ ಒಂದು ಮಾತು ಹೇಳ್ತೀನಿ. ಮಾರ್ಚ್ 31ಕ್ಕೆ ಪುಸ್ತಕ ಮುಚ್ಚುವಾಗ ಆ ವರ್ಷದ ವೇರಿಯಬಲ್ ಮೊತ್ತವನ್ನ ಖರ್ಚು ಅಂತ ತೋರಿಸಿ ಪ್ರಾವಿಷನ್ ಹಾಕ್ತೀವಿ. ಅಂದ್ರೆ ಆ ಸೇವೆಗೆ ಕೊಡಬೇಕಾದ ಹಣ ಇದು ಅಂತ ಕಂಪನಿಯ ಪುಸ್ತಕವೇ ಒಪ್ಪಿಕೊಂಡಿರುತ್ತೆ. ಆಮೇಲೆ ಜನ ಬಿಟ್ಟು ಹೋದ ಹಾಗೆ ಅವರವರ ಪಾಲನ್ನ ವಾಪಸ್ ಬರೀತೀವಿ, ಅದು ಲಾಭದ ಕಡೆ ಹೋಗಿ ಸೇರ್ಕೊಳ್ಳುತ್ತೆ. ಎಷ್ಟು ಜನ ದುಡ್ಡು ಪಡೆಯದೇ ಬಿಟ್ಟು ಹೋಗಬಹುದು ಅನ್ನೋದನ್ನ ಮೊದಲೇ ಅಂದಾಜು ಮಾಡಿ ಪ್ರಾವಿಷನ್ ಕಮ್ಮಿ ಇಡೋದಕ್ಕೂ ಇಂಡ್ ಎಎಸ್ 19 ಅನ್ನೋ ಲೆಕ್ಕಪತ್ರದ ಮಾನದಂಡದಲ್ಲೇ ಜಾಗ ಇದೆ. ಆ ವಾಪಸ್ ಎಂಟ್ರಿಗಳನ್ನ ಹೊಡೆದಿದ್ದು ಈ ಕೈಯೇ. ಅದಕ್ಕೇ ಇಷ್ಟು ಉರಿಯೋದೋ ಏನೋ.

ಕಾನೂನು ಇಲ್ವಾ ಅಂತ ಅಕ್ಕ ಕೇಳಿದಳು. ಇದೆ ಕಣೇ, ನಿನ್ನ ಮಗನಿಗಿಲ್ಲ. 1965ರ ಬೋನಸ್ ಕಾಯ್ದೆ ನೋಡಿ. ತಿಂಗಳಿಗೆ 21,000ದವರೆಗೆ ಸಂಬಳ ಇರೋನು ವರ್ಷದಲ್ಲಿ 30 ದಿನ ಕೆಲಸ ಮಾಡಿದ್ರೆ ಸಾಕು, ಕನಿಷ್ಠ ನೂರಕ್ಕೆ 8.33ರ ಲೆಕ್ಕದಲ್ಲಿ ಬೋನಸ್‌ಗೆ ಹಕ್ಕುದಾರ ಆಗ್ತಿದ್ದ. ವರ್ಷ ಮುಗಿದ ಎಂಟು ತಿಂಗಳೊಳಗೆ, ಅಂದ್ರೆ ನವೆಂಬರ್ ಕೊನೆಯೊಳಗೆ ಕೊಡಬೇಕಿತ್ತು. ಬಿಟ್ಟು ಹೋದ ಅಂತ ತಡೆಯೋ ಹಾಗಿರಲಿಲ್ಲ. ಕಳ್ಳತನ, ವಂಚನೆ, ಹೊಡೆದಾಟ, ಕಂಪನಿ ಆಸ್ತಿಗೆ ಬೇಕಂತಲೇ ಹಾನಿ ಮಾಡಿ ವಜಾ ಆದವನಿಗೆ ಮಾತ್ರ ಇರಲಿಲ್ಲ. ಆ ಕಾಯ್ದೆ ಈಗ 2019ರ ವೇತನ ಸಂಹಿತೆಯೊಳಗೆ ಸೇರಿ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ, 30 ದಿನದ ಮಾತು ಅಲ್ಲೂ ಉಳಿದಿದೆ. ಜನವರಿಯಲ್ಲಿ ಕೆಲಸ ಬಿಟ್ಟು ಹೋದ ಮೆಷಿನ್ ಆಪರೇಟರ್‌ಗಳು ದೀಪಾವಳಿ ಹೊತ್ತಿಗೆ ಗೇಟ್ ಹತ್ರ ಬಂದು, ರಿಜಿಸ್ಟರ್‌ಗೆ ಸಹಿ ಹಾಕಿ ದುಡ್ಡು ತಗೊಂಡು ಹೋಗ್ತಿದ್ರು. ‘ಮೇಡಂ, ನಂದೂ ಬಂದಿದೆಯಾ?’ ಅಂತ ಧೈರ್ಯವಾಗಿ ಕೇಳ್ತಿದ್ರು. ಯಾಕಂದ್ರೆ ಅವರಿಗೆ ಕಾಯ್ದೆ ಇತ್ತು.

ಇಂಜಿನಿಯರಿಂಗ್ ಓದಿ, ಕೊರಳಿಗೆ ಟ್ಯಾಗ್ ಹಾಕ್ಕೊಂಡು, ತಿಂಗಳಿಗೆ ಅರವತ್ತು ಸಾವಿರ ತಗೊಳ್ಳೋನು ಆ ಮಿತಿಯಿಂದ ಹೊರಗೆ. ಅವನ ವೇರಿಯಬಲ್ ನಿಂತಿರೋದು ಕರಾರಿನ ಮೇಲೆ, ಕರಾರು ನಿಂತಿರೋದು ಆ ಪೋರ್ಟಲ್ ಪಾಲಿಸಿಯ ಮೇಲೆ. ಲೇಬರ್ ಆಫೀಸಿಗೆ ಹೋಗಿ ಬೋನಸ್ ಅಂತ ಕೇಳೋ ಹಾಗಿಲ್ಲ. ಕೋರ್ಟಿಗೆ ಹೋದ್ರೆ ‘ಸಹಿ ಹಾಕಿದ್ದೀಯಲ್ಲ’ ಅನ್ನೋ ಪ್ರಶ್ನೆಯೇ ಮೊದಲು ಎದುರಾಗೋದು. ಜೂನ್‌ನ ಆ ಅಭಿನಂದನಾ ಪತ್ರ ಇವನ ಕಡೆ ಇರೋ ಗಟ್ಟಿ ಕಾಗದ, ಆದ್ರೆ ಅದರ ಕೊನೇ ಸಾಲಲ್ಲೂ ‘ಪಾಲಿಸಿಗೆ ಒಳಪಟ್ಟು’ ಅಂತ ಇದೆ. ಒಂದೂ ಕಾಲು ಲಕ್ಷಕ್ಕೆ ಯಾವ ವಕೀಲರನ್ನ ಇಡೋದು, ಎಷ್ಟು ವರ್ಷ ಅಲೆಯೋದು? ಅದೂ ಕಂಪನಿಯವರಿಗೆ ಗೊತ್ತು.

ಕಂಪನಿಯೇ ಕೆಲಸದಿಂದ ತೆಗೆದ್ರೆ? ಷರತ್ತನ್ನ ಅಕ್ಷರಶಃ ಓದಿದ್ರೆ ಆಗಲೂ ಇಲ್ಲ, ಯಾಕಂದ್ರೆ ಪಾವತಿ ದಿನ ಅವನು ರೋಲ್‌ನಲ್ಲಿರಲ್ಲ. ಮೇನಲ್ಲಿ ಮನೆಗೆ ಕಳಿಸಿದ್ರೆ ಜುಲೈದು ಕಂಪನಿಗೆ ಉಳೀತು. ಕೆಲವು ಪಾಲಿಸಿಗಳಲ್ಲಿ ನಿವೃತ್ತಿ, ಸಾವು, ಲೇಆಫ್‌ಗೆ ವಿನಾಯಿತಿ ಇರುತ್ತೆ, ದುಡಿದಷ್ಟು ತಿಂಗಳಿಗೆ ಲೆಕ್ಕ ಹಾಕಿ ಕೊಡ್ತಾರೆ. ಅಂದ್ರೆ ತಿಂಗಳ ಲೆಕ್ಕದಲ್ಲಿ ಭಾಗ ಮಾಡೋಕೆ ಬರುತ್ತೆ ಅಂತಾಯ್ತು. ಸತ್ತವನಿಗೆ ಬರೋ ಲೆಕ್ಕ, ಬಿಟ್ಟವನಿಗೆ ಯಾಕೆ ಬರಲ್ವೋ.

ಹೊಸ ಕಂಪನಿಯ ಹತ್ರ ‘ನನಗಿಷ್ಟು ನಷ್ಟ ಆಗುತ್ತೆ, ಜಾಯ್ನಿಂಗ್ ಬೋನಸ್ ಆಗಿ ತುಂಬಿ ಕೊಡಿ’ ಅಂತ ಕೇಳೋರಿದ್ದಾರೆ. ಜೂನ್‌ನ ಕಾಗದ ತೋರಿಸಿದ್ರೆ ಕೆಲವರು ಕೊಡ್ತಾರೆ ಕೂಡ. ಸಹಿ ಹಾಕೋ ಮುಂಚೆ ಕೇಳಬೇಕು, ಸೇರಿದ ಮೇಲೆ ಕೇಳಿದ್ರೆ ನಗ್ತಾರೆ. ಅದರಲ್ಲೂ ಒಂದು ವರ್ಷದೊಳಗೆ ಬಿಟ್ರೆ ವಾಪಸ್ ಕೊಡಬೇಕು ಅನ್ನೋ ಸಾಲು ಸಾಮಾನ್ಯವಾಗಿ ಇದ್ದೇ ಇರುತ್ತೆ. ಒಂದು ಹಗ್ಗ ಬಿಚ್ಚೋಕೆ ಇನ್ನೊಂದು ಹಗ್ಗ.

ಹುಡುಗ ಈಗ ಹೊಸ ಕಡೆ ಸೇರಿದ್ದಾನೆ. ಸೇರೋ ಮುಂಚೆ ನಾನೇ ಪಕ್ಕದಲ್ಲಿ ಕೂತು ಒಂದು ಮೇಲ್ ಬರೆಸಿದ್ದೆ: ವೇರಿಯಬಲ್ ಲೆಕ್ಕದ ಅವಧಿ ಯಾವುದು, ಪಾವತಿ ಯಾವ ತಿಂಗಳು, ನೋಟಿಸ್‌ನಲ್ಲಿರೋವರಿಗೆ ಕೊಡ್ತೀರಾ, ಮಧ್ಯದಲ್ಲಿ ಬಿಟ್ಟವರಿಗೆ ದುಡಿದಷ್ಟು ತಿಂಗಳದ್ದು ಕೊಡ್ತೀರಾ, ದಯವಿಟ್ಟು ಇದೇ ಮೇಲ್‌ಗೆ ಉತ್ತರಿಸಿ. ಅವತ್ತೇ ಸಂಜೆ ಫೋನ್ ಬಂತು, ಮೇಲ್ ಅಲ್ಲ. ತುಂಬಾ ನಯವಾದ ದನಿಯ ಹುಡುಗಿ. ‘ಪಾಲಿಸಿ ಡಾಕ್ಯುಮೆಂಟ್ ಸೇರಿದ ಮೇಲೆ ನಿಮ್ಮ ಲಾಗಿನ್‌ನಲ್ಲೇ ಸಿಗುತ್ತೆ ಸರ್.’