ಹುಂಜದ ಕಾಲು, ಭಾವನ ಡೋಲು

ನನ್ನ ಹುಂಜಕ್ಕೆ ಕುಣಿಯಲು ಬರುವುದಿಲ್ಲ ಎಂದು ಮೊದಲು ಹೇಳಿದ್ದು ನಮ್ಮಕ್ಕ. ಹುಂಜವನ್ನು ಮಾಡಿದವನು ನಾನಾದ್ದರಿಂದ ಆ ಮಾತು ಯಾರಿಗೆ ತಗುಲಿತು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಕತೆ ಇಷ್ಟೇ. ಅಕ್ಕ ಒಂದು ಜನಪದ ಹಾಡು ಹಾಡಿದಳು, ಭಾವ ಡೋಲು ಬಾರಿಸಿದರು. 2 ನಿಮಿಷ 40 ಸೆಕೆಂಡಿನ ಹಾಡು, ಒಂದೇ ಉಸಿರಿನಲ್ಲಿ ರೆಕಾರ್ಡಿಂಗ್. ಅದಕ್ಕೆ ಒಂದು ಹುಂಜ ಕುಣಿಯುವ ಅನಿಮೇಷನ್ ವಿಡಿಯೋ ಮಾಡಿಕೊಡ್ತೀನಿ ಅಂತ ನಾನೇ ಮೈಮೇಲೆ ಎಳೆದುಕೊಂಡೆ. ಡೋಲಿನ ಪ್ರತಿ ಪೆಟ್ಟು ಎಲ್ಲಿ ಬೀಳುತ್ತದೋ ಅಲ್ಲಿ ಟೈಮ್‌ಲೈನ್ ಮೇಲೆ ಒಂದು ಮಾರ್ಕರ್ ಇಡುವುದು, ಮಾರ್ಕರ್ ಇರುವಲ್ಲೆಲ್ಲ ಹುಂಜದ ಕಾಲು ನೆಲಕ್ಕೆ ತಾಗಿಸುವುದು. ಇದರಲ್ಲೇನಿದೆ ಮಹಾ, ಅಲ್ವಾ?

ಮೊದಲು ಲೆಕ್ಕದ ದಾರಿ ಹಿಡಿದೆ. ಮೊದಲ 15 ಸೆಕೆಂಡಿನಲ್ಲಿ 25 ಪೆಟ್ಟು ಎಣಿಸಿದೆ. ಅಂದರೆ ನಿಮಿಷಕ್ಕೆ 100. ವಿಡಿಯೋ ಸೆಕೆಂಡಿಗೆ 24 ಫ್ರೇಮ್. ಭಾಗಿಸಿದರೆ ಒಂದು ಪೆಟ್ಟಿಗೆ 14.4 ಫ್ರೇಮ್ ಬಂತು. ಅರ್ಧ ಫ್ರೇಮ್ ಅಂತ ಇರುವುದಿಲ್ಲವಲ್ಲ, ಆ 0.4 ಅನ್ನು ಸುಮ್ನೆ ಬಿಟ್ಟು 14ಕ್ಕೊಂದರಂತೆ ಮಾರ್ಕರ್ ಹಾಕುತ್ತಾ ಹೋದೆ. ಹತ್ತನೇ ಪೆಟ್ಟಿಗೆ ಹುಂಜ 4 ಫ್ರೇಮ್ ಮುಂದಿತ್ತು. ಅರವತ್ತನೇ ಪೆಟ್ಟಿಗೆ ಪೂರಾ 24 ಫ್ರೇಮ್, ಅಂದರೆ ಒಂದು ಸೆಕೆಂಡ್ ಮುಂದೆ. ಡೋಲು ಬಾರಿಸುವ ಮೊದಲೇ ಹೆಜ್ಜೆ ಹಾಕಿ, ಭಾವನಿಗಾಗಿ ಕಾಯುತ್ತಾ ನಿಂತಿರುವ ಹಾಗೆ ಕಾಣುತ್ತಿತ್ತು.

ಸರಿ, 14, 15, 14, 15, 14 ಅಂತ ಸುತ್ತು ಹಾಕಿದೆ. ಐದು ಪೆಟ್ಟಿಗೆ 72 ಫ್ರೇಮ್, ಲೆಕ್ಕ ಚುಕ್ತಾ. ಮೊದಲ ನುಡಿ ಚೆನ್ನಾಗಿಯೇ ಕೂತಿತು. ಎರಡನೇ ನುಡಿಗೆ ಮತ್ತೆ ಜಾರಿತು. ಈ ಸಲ ಹುಂಜವೇ ಹಿಂದೆ. ನೋಡಿದರೆ ಭಾವನಿಗೆ ಹುಮ್ಮಸ್ಸು ಬಂದಿದೆ! ಮೆಟ್ರೊನೋಮ್ ಇಲ್ಲದೆ ಬಾರಿಸಿದ ಡೋಲು, ಕೊನೆಯ ನುಡಿಗೆ ಬರುವಷ್ಟರಲ್ಲಿ ನಿಮಿಷಕ್ಕೆ 112 ದಾಟಿತ್ತು. ಯಂತ್ರದ ತಾಳಕ್ಕಾದರೆ ಭಾಗಾಕಾರ ಸಾಕು. ಮನುಷ್ಯ ಬಾರಿಸಿದ್ದಕ್ಕೆ ಕಿವಿಯೇ ಬೇಕು.

ಹಾಗಾಗಿ ಕಿವಿಯನ್ನೇ ನಂಬಿದೆ. ಬ್ಲೆಂಡರ್ ಅನ್ನುವ ಅನಿಮೇಷನ್ ತಂತ್ರಾಂಶದಲ್ಲಿ ಹಾಡು ಓಡುತ್ತಿರುವಾಗ ಟೈಮ್‌ಲೈನ್ ಮೇಲೆ ಮೌಸ್ ಇಟ್ಟು `M` ಒತ್ತಿದರೆ ಆ ಫ್ರೇಮಿಗೆ ಒಂದು ಮಾರ್ಕರ್ ಬೀಳುತ್ತದೆ. ಚಿತ್ರ ತಡವರಿಸಿದರೂ ಹಾಡಿನ ಜೊತೆಗೇ ಬರಲಿ ಅಂತ ಪ್ಲೇಬ್ಯಾಕ್‌ನಲ್ಲಿ Sync to Audio ಹಾಕಿಕೊಂಡೆ. ಎಲ್ಲ ಪೆಟ್ಟಿಗೂ ಒತ್ತಿದರೆ ಸುಮಾರು 280 ಮಾರ್ಕರ್. ಅಷ್ಟಕ್ಕೂ ಹುಂಜ ಹಾರಿದರೆ ಅದು ಕುಣಿತವಲ್ಲ, ನಡುಕ. ನಾಲ್ಕಕ್ಕೊಂದು ಬರುವ ಗಟ್ಟಿ ಪೆಟ್ಟಿಗೆ ಮಾತ್ರ ಒತ್ತಿದೆ. 70 ಆಯಿತು. ಮನೆಯವರಿಗೆ ತೊಂದರೆಯಾಗದಿರಲಿ ಅಂತ ಬ್ಲೂಟೂತ್ ಹೆಡ್‌ಫೋನ್ ಬೇರೆ ಹಾಕಿಕೊಂಡಿದ್ದೆ. ಈ ಸೌಜನ್ಯವನ್ನು ನೆನಪಿಟ್ಟುಕೊಳ್ಳಿ.

ಮೂರು ರಾತ್ರಿ ಕೂತು ಮೊದಲ ನುಡಿಗೆ ಹುಂಜವನ್ನು ಕುಣಿಸಿದೆ. ನನ್ನ ಕಣ್ಣಿಗೆ ಎಲ್ಲ ಸರಿಯಾಗಿತ್ತು. ಅಕ್ಕ ನೋಡಿದಳು. ಎರಡನೇ ಸಲವೂ ನೋಡಿದಳು.

“ಗಟ್ಟಿ ಪೆಟ್ಟಿಗೆ ಸುಮ್ನೆ ನಿಂತಿರತ್ತೆ, ಅದರ ಮುಂದಿನ ಪೆಟ್ಟಿಗೆ ಹಾರತ್ತೆ. ನಿನ್ನ ಹುಂಜಕ್ಕೆ ಕುಣಿಯೋಕೆ ಬರಲ್ಲ ಕಣೋ.”

ಡೋಲಿನ ತರಂಗ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಪ್ರತಿ ಪೆಟ್ಟಿಗೂ ಒಂದು ಚೂಪಾದ ಶಿಖರ. ಪ್ರತಿ ಮಾರ್ಕರ್ ಆ ಶಿಖರಕ್ಕಿಂತ 5 ಫ್ರೇಮ್ ಬಲಕ್ಕೆ ನಿಂತಿದೆ. ಇಲ್ಲಿ 5, ಅಲ್ಲಿ 5, ಕೊನೆಯಲ್ಲೂ ಹೆಚ್ಚುಕಮ್ಮಿ 5. ನನ್ನ ತಾಳಜ್ಞಾನ ಕೆಟ್ಟಿದ್ದರೆ ಒಂದು ಎಡಕ್ಕೆ, ಒಂದು ಬಲಕ್ಕೆ ಚೆಲ್ಲಾಡಬೇಕಿತ್ತು. ಲೆಕ್ಕ ತಪ್ಪಿದ್ದರೆ, ಮೊದಲ ಸಲದ ಹಾಗೆ, ಹೋಗ್ತಾ ಹೋಗ್ತಾ ಜಾಸ್ತಿ ಆಗಬೇಕಿತ್ತು. ಇಷ್ಟು ಶಿಸ್ತಾಗಿ ಎಲ್ಲವೂ ಒಂದೇ ಅಳತೆ ತಡ ಅಂದರೆ ತಪ್ಪು ನನ್ನ ಬೆರಳಿನದಲ್ಲ, ಸದ್ದು ಬರುವ ದಾರಿಯದ್ದು. ಬ್ಲೂಟೂತ್‌ನಲ್ಲಿ ಸದ್ದು ಕಿವಿಗೆ ತಲುಪಲು ಸೆಕೆಂಡಿನ ಐದನೇ ಒಂದು ಭಾಗ ತೆಗೆದುಕೊಂಡಿತ್ತು. ನಾನು ಕೇಳಿದ ಕೂಡಲೇ ಒತ್ತುತ್ತಿದ್ದೆ, ನಿಜ. ಕೇಳಿದ್ದೇ ಹಳೇ ಸುದ್ದಿ.

ಎಲ್ಲ ಮಾರ್ಕರ್ ಆಯ್ದು 5 ಫ್ರೇಮ್ ಹಿಂದಕ್ಕೆ ಸರಿಸಿದೆ. ಹಾಡು ಹಾಕಿದೆ. ಹುಂಜ ಅಲ್ಲಾಡಲಿಲ್ಲ, ಹಳೇ ಜಾಗದಲ್ಲೇ ಹಾರುತ್ತಿತ್ತು. ಮಾರ್ಕರ್ ಅನ್ನುವುದು ಗೋಡೆಗೆ ಹೊಡೆದ ಗುರುತು, ಹುಂಜದ ಒಂದೊಂದು ಭಂಗಿಯನ್ನು ಹಿಡಿದಿಡುವ ಕೀಫ್ರೇಮುಗಳಿಗೆ ಕಟ್ಟಿದ ಹಗ್ಗ ಅಲ್ಲ. ಕೀಫ್ರೇಮುಗಳನ್ನೂ ಆಯ್ದು 5 ಹಿಂದಕ್ಕೆ ಎಳೆದೆ.

ಈಗ ಮೊದಲಿಗಿಂತ ಕೆಟ್ಟದಾಯಿತು! ಮೊದಲು ಎರಡನೇ ಪೆಟ್ಟಿಗಾದರೂ ಸರಿಯಾಗಿ ಇಳಿಯುತ್ತಿತ್ತು. ಈಗ ಯಾವ ಪೆಟ್ಟಿಗೂ ಇಲ್ಲ, ಎರಡರ ಮಧ್ಯೆ ಎಲ್ಲೋ ತೊಪ್ಪನೆ ಬೀಳುತ್ತಿತ್ತು.

ಫ್ರೇಮ್ ಫ್ರೇಮಾಗಿ ಸರಿಸಿ ನೋಡಿದಾಗ ಗುಟ್ಟು ಸಿಕ್ಕಿತು. ನಾನು ಮಾರ್ಕರ್ ಇರುವಲ್ಲಿ ಹಾರುವುದನ್ನು ಶುರು ಮಾಡಿದ್ದೆ. ಹುಂಜ ಕುಗ್ಗಿ, ನೆಗೆದು, ಇಳಿಯಲು 10 ಫ್ರೇಮ್ ಬೇಕು. ಆ 10, ಹೆಡ್‌ಫೋನಿನ 5, ಸೇರಿ 15. ಒಂದು ಪೆಟ್ಟು ಎಷ್ಟು? 14.4. ನನ್ನ ಎರಡು ತಪ್ಪುಗಳು ಕೈಕೈ ಹಿಡಿದುಕೊಂಡು ಹುಂಜವನ್ನು ಮುಂದಿನ ಪೆಟ್ಟಿನ ಮೇಲೆ ನೀಟಾಗಿ ಇಳಿಸುತ್ತಿದ್ದವು. ಅದಕ್ಕೇ ನನಗೆ ಎಲ್ಲ ಸರಿ ಅನ್ನಿಸಿದ್ದು. ಒಂದನ್ನು ತಿದ್ದಿದ ಕೂಡಲೇ ಇನ್ನೊಂದು ಬೀದಿಗೆ ಬಿತ್ತು.

ಕಣ್ಣಿಗೆ ತಾಳ ಕಾಣುವುದು ಕಾಲು ಎದ್ದಾಗ ಅಲ್ಲ, ನೆಲಕ್ಕೆ ತಾಗಿದಾಗ. ಹಾಗಾಗಿ ಹಿಂದಿನಿಂದ ಎಣಿಸಬೇಕು. ಮಾರ್ಕರ್ 480ರಲ್ಲಿದ್ದರೆ ಕಾಲು ತಾಗುವುದು 480ಕ್ಕೆ. ನೆಲ ಬಿಡುವುದು 474ಕ್ಕೆ. ಕುಗ್ಗಲು ಶುರು 470ಕ್ಕೆ. ತಾಗಿದ ಮೇಲೆ 482ರಲ್ಲಿ ಮೈಯೆಲ್ಲ ಚಪ್ಪಟೆ, 487ಕ್ಕೆ ಮತ್ತೆ ನೆಟ್ಟಗೆ. ಎಪ್ಪತ್ತು ಸಲ ಇದೇ ಕೆಲಸ. ಆ ವಾರ ಬೀದಿಯಲ್ಲಿ ಯಾರಾದರೂ ಮೆಟ್ಟಿಲು ಇಳಿದರೂ ನಾನು ಹಿಂದಕ್ಕೆ ಎಣಿಸುತ್ತಿದ್ದೆ.

ಅಷ್ಟಾದರೂ ಹೆಜ್ಜೆ ಮೆತ್ತಗಿತ್ತು, ಹತ್ತಿಯ ಮೇಲೆ ಇಳಿದ ಹಾಗೆ. ಇದಕ್ಕೆ ಕಾರಣ ಕರ್ವ್. ಎರಡು ಕೀಫ್ರೇಮುಗಳ ನಡುವಿನ ಚಲನೆಯನ್ನು ತಂತ್ರಾಂಶ ತಾನಾಗಿಯೇ ನಯವಾಗಿ ಬಾಗಿಸುತ್ತದೆ. ಕಾಲು ನೆಲದ ಹತ್ತಿರ ಬಂದಾಗ ನಿಧಾನವಾಗಿ, ಪೆಟ್ಟೇ ಬೀಳದೆ ತಾಗುತ್ತದೆ. ಗ್ರಾಫ್ ತೆರೆದು, ತಾಗುವ ಜಾಗದಲ್ಲಿ ಗೆರೆ ಕಡಿದಾಗಿ ಬಂದು ಬಡಿಯುವಂತೆ, ಅದನ್ನು ಬಾಗಿಸುವ ಹ್ಯಾಂಡಲ್ ಮುರಿದೆ. ಒಂದು ಫ್ರೇಮೂ ಆಚೀಚೆ ಆಗಲಿಲ್ಲ, ಆದರೆ ಹುಂಜಕ್ಕೆ ತೂಕ ಬಂತು.

ಕೊನೆಗೆ ಇಬ್ಬರಿಗೂ ತೋರಿಸಿದೆ. ಅಕ್ಕ ಖುಷಿಯಾಗಿ ತಲೆ ಆಡಿಸಿದಳು. ಭಾವ ಮಾತ್ರ ಮೂರನೇ ನುಡಿಯಲ್ಲಿ ಕೈ ಎತ್ತಿದರು.

“ಅಲ್ಲಿ ನಿನ್ನ ಹುಂಜ ತಪ್ಪು ಹೆಜ್ಜೆ ಹಾಕ್ತಲ್ಲಪ್ಪ.”

ಆ ಮಾರ್ಕರ್ ನನಗೆ ಚೆನ್ನಾಗಿ ಗೊತ್ತಿತ್ತು. ತರಂಗ ಚಿತ್ರದಲ್ಲಿ ಅಲ್ಲಿ ಶಿಖರವೇ ಇಲ್ಲ. ಭಾವ ಒಂದು ಗಟ್ಟಿ ಪೆಟ್ಟನ್ನೇ ನುಂಗಿದ್ದರು. ನಾನು ಹಿಂದಿನ, ಮುಂದಿನ ಪೆಟ್ಟುಗಳ ಅಂತರ ನೋಡಿ ಮರ್ಯಾದೆಗೆ ಒಂದು ಮಾರ್ಕರ್ ಇಟ್ಟು, ಅವರ ಪಾಲಿನ ಹೆಜ್ಜೆಯನ್ನೂ ಹುಂಜದ ಕೈಲಿ ಹಾಕಿಸಿದ್ದೆ.

“ಭಾವ, ಅಲ್ಲಿ ನೀವು ಬಾರಿಸೇ ಇಲ್ಲ.”

“ಛೆ, ಛೆ! ನಾನ್ಯಾಕೆ ಬಿಡ್ಲಿ?”

“ಸೊಳ್ಳೆ ಹೊಡ್ಕೊಂಡ್ರಿ ಕಣ್ರೀ. ನಾನೇ ಎದುರಿಗಿದ್ದೆ,” ಅಂದಳು ಅಕ್ಕ.

ಆ ರಾತ್ರಿ ಫೈಲ್ ಮತ್ತೆ ತೆರೆದೆ. ಆ ಒಂದು ಮಾರ್ಕರಿನ ಹಾರುವ ಕೀಫ್ರೇಮುಗಳನ್ನು ಅಳಿಸಿದೆ. ಈಗ ಅಲ್ಲಿ ಹುಂಜ ಕುಣಿತ ನಿಲ್ಲಿಸಿ, ಕತ್ತು ಹಿಂದಕ್ಕೆ ತಿರುಗಿಸಿ, ಗಂಭೀರವಾಗಿ ಬೆನ್ನು ಕೆರೆದುಕೊಳ್ಳುತ್ತದೆ.