ಕರ್ತ ಅಂದರೆ ಮಾಲೀಕ ಅಲ್ಲ

ನಿನ್ನೆ ರಾತ್ರಿ ನಿದ್ದೆ ಬರಲಿಲ್ಲ. ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಹುಬ್ಬಳ್ಳಿಯಲ್ಲಿ ನಮಗೆ ಬಹಳ ಬೇಕಾದವರ ಮನೆ. ಕಿರಾಣಿ ಹೋಲ್‌ಸೇಲ್ ಅಂಗಡಿ, ಹಿಂದೆ ಒಂದು ಗೋದಾಮು. ಎಲ್ಲವೂ ಅಜ್ಜನ ಕಾಲದ್ದು, ಅವಿಭಕ್ತ ಕುಟುಂಬದ ಹೆಸರಿನಲ್ಲಿದೆ. ಅಲ್ಲಿನ ಲೆಕ್ಕ ನಾನೇ ನೋಡುತ್ತೇನೆ. ಮನೆಯ ಯಜಮಾನರು ತೀರಿಕೊಂಡು ನಿನ್ನೆಗೆ ಹನ್ನೊಂದು ದಿನ. ಮನೆತನದ ವ್ಯವಹಾರ ನಡೆಸುವ ಕರ್ತ ಅವರೇ ಆಗಿದ್ದರು. ಈಗ ಉಳಿದವರು ಹೆಂಡತಿ, ದೊಡ್ಡ ಮಗಳು, ಚಿಕ್ಕ ಮಗ.

ಊಟ ಮುಗಿದಿತ್ತು. ಮಗಳು ಇನ್ನೂ ಕೈ ಒರೆಸಿಕೊಳ್ಳುತ್ತಿದ್ದಳು. ಬೇರೆಯಾಗಿ 20 ವರ್ಷವಾದ ಕಾಕಾ ಒಂದು ಕಾಗದ ತಂದು ಅವಳ ಮುಂದಿಟ್ಟರು. "ಇಲ್ಲೊಂದು ಸೈ ಮಾಡವ್ವ, ಬ್ಯಾಂಕಿಗೆ ಬೇಕಂತ. ಈಗ ತಮ್ಮನs ಕರ್ತ ಅಲ್ಲೇನು" ಅಂದರು. ಅವಳು ಪೆನ್ನು ಕೈಗೆ ತೆಗೆದುಕೊಂಡಾಗಿತ್ತು. ನಾನು ಪಕ್ಕದಲ್ಲೇ ಕೂತಿದ್ದೆ, ಒಂದು ನಿಮಿಷ ಕೊಡಿ ಅಂತ ಕಾಗದ ಇಸಿದುಕೊಂಡೆ. ಮೂರನೇ ಪುಟದಲ್ಲಿ ಗೋದಾಮಿನ ಚಕ್ಕುಬಂದಿ ಇತ್ತು. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇನ್ನೊಬ್ಬರ ಮಳಿಗೆ, ಹೀಗೆ. ಅದರ ಮೇಲೆ, "ನನ್ನ ಸಕಲ ಹಕ್ಕು ಹಿತಾಸಕ್ತಿಗಳನ್ನು ಬಿಟ್ಟುಕೊಟ್ಟಿರುತ್ತೇನೆ" ಅಂತ.

ಬ್ಯಾಂಕಿನವರಿಗೆ ಗೋದಾಮಿನ ಚಕ್ಕುಬಂದಿ ಯಾಕೆ ಬೇಕು? ಕರ್ತ ಬದಲಾದರು ಅಂತ ಹೇಳುವುದಕ್ಕೆ ಮಗಳ ಹಕ್ಕು ಯಾಕೆ ಬಿಡಬೇಕು? ಅದು ಹಕ್ಕು ಬಿಡುಗಡೆ ಪತ್ರ. ಬ್ಯಾಂಕ್ ಅನ್ನುವುದು ಅದರ ಮೇಲೆ ಹೊದಿಸಿದ ಬಟ್ಟೆ, ಅಷ್ಟೇ.

ನನ್ನ ಸಿಟ್ಟು ಕಾಕಾನ ಮೇಲೆ ಒಬ್ಬರ ಮೇಲೇ ಅಲ್ಲ. ಈ ಮಾತನ್ನು ನಾನು ವರ್ಷಕ್ಕೆ ಎಷ್ಟು ಸಲ ಕೇಳುತ್ತೇನೋ. "ಅಪ್ಪ ಹೋದರು, ಮಗ ಕರ್ತ ಆದ, ಅಂಗಡಿ ಮಗನದ್ದಾಯ್ತು." ಈ ಮೂರು ಮಾತಿನಲ್ಲಿ ಮೊದಲನೆಯದು ನಿಜ. ಎರಡನೆಯದು ತಾನಾಗಿಯೇ ಆಗುವುದಲ್ಲ. ಮೂರನೆಯದು ಪೂರಾ ಸುಳ್ಳು.

ಕರ್ತ ಅಂದರೆ ಮನೆತನದ ವ್ಯವಹಾರ ನಡೆಸುವವನು. ಚೆಕ್ಕಿಗೆ ಸೈ ಹಾಕುತ್ತಾನೆ, ಸರಕು ಕೊಳ್ಳುತ್ತಾನೆ, ವ್ಯಾಪಾರಕ್ಕೆ ಸಾಲ ತೆಗೆಯುತ್ತಾನೆ, ಕೋರ್ಟಿನಲ್ಲಿ ಮನೆಯ ಪರವಾಗಿ ನಿಲ್ಲುತ್ತಾನೆ. ಅಧಿಕಾರ ದೊಡ್ಡದೇ. ಆದರೆ ಆಸ್ತಿ ಮಾರಬೇಕು, ಅಡ ಇಡಬೇಕು ಅಂದರೆ ಕುಟುಂಬದ ನಿಜವಾದ ಅಗತ್ಯ ಇರಬೇಕು, ಇಲ್ಲವೇ ಆಸ್ತಿಗೆ ಅದರಿಂದ ಒಳ್ಳೆಯದಾಗಬೇಕು. ಭಾರವೂ ದೊಡ್ಡದೇ. ಮನೆಯ ವ್ಯಾಪಾರದ ಸಾಲಕ್ಕೆ ಉಳಿದವರು ಕುಟುಂಬದ ಆಸ್ತಿಯಲ್ಲಿನ ತಮ್ಮ ಪಾಲಿನಷ್ಟಕ್ಕೆ ಮಾತ್ರ ಹೊಣೆ. ಕರ್ತನಾದರೆ ತಾನು ಮಾಡಿದ ಸಾಲಕ್ಕೆ ಸ್ವಂತ ಆಸ್ತಿಯೂ ಹೊಣೆ. ನಿನ್ನೆ ಈ ಮಾತು ಹೇಳಿದಾಗ ಆ ಹುಡುಗನ ಮುಖ ನೋಡಬೇಕಿತ್ತು. ಅಪ್ಪನ ಕಾಲದ ಸಿ.ಸಿ. ಸಾಲ, ಅಂದರೆ ವ್ಯಾಪಾರಕ್ಕೆ ಬ್ಯಾಂಕಿನಿಂದ ತೆಗೆದ ಸಾಲ, ಅಂಗಡಿಯ ಮೇಲೆ ಹಾಗೇ ಇದೆ. ನಾಳೆ ಅವನೇ ಕರ್ತನಾಗಿ ಅದನ್ನು ಹೊಸದು ಮಾಡಿಸಿ ಸೈ ಹಾಕಿದರೆ ಆ ಭಾರ ಅವನ ಹೆಗಲಿಗೆ ಬರುತ್ತದೆ. ಅವನಿಗೆ ಇದನ್ನು ಯಾರೂ ಹೇಳಿರಲಿಲ್ಲ.

ಇನ್ನು ಕರ್ತ ಯಾರು ಅನ್ನುವುದು. ಹುಟ್ಟಿನಿಂದಲೇ ಕುಟುಂಬದ ಆಸ್ತಿಯಲ್ಲಿ ಹಕ್ಕಿರುವವರಲ್ಲಿ ವಯಸ್ಸಿನಲ್ಲಿ ಹಿರಿಯರಿಗೆ ಆ ಜಾಗ ಸಲ್ಲುತ್ತದೆ. 2005ರ ಸೆಪ್ಟೆಂಬರ್ 9ರಿಂದ ಆ ಹಕ್ಕು ಮಗಳಿಗೂ ಮಗನಷ್ಟೇ ಇದೆ. 2020ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನೂ ಬಿಡಿಸಿ ಹೇಳಿತು, ಮಗಳ ಹಕ್ಕು ಹುಟ್ಟಿನಿಂದಲೇ ಬರುವುದು ಅಂತ. ಮದುವೆಯಾದರೆ ಅದು ಹೋಗುವುದಿಲ್ಲ. ಹಾಗಾದರೆ ಈ ಮನೆಯಲ್ಲಿ ಹಿರಿಯರು ಯಾರು? ಮಗಳು! ಹಿರಿಯ ಮಗಳು ಕರ್ತೆ ಆಗಬಹುದು ಅಂತ ದೆಹಲಿ ಹೈಕೋರ್ಟ್ 2015ರಲ್ಲೇ ಹೇಳಿದೆ, 2023ರಲ್ಲಿ ಅಲ್ಲಿನ ವಿಭಾಗೀಯ ಪೀಠ ಅದನ್ನು ಎತ್ತಿಹಿಡಿದಿದೆ. ದೆಹಲಿಯ ತೀರ್ಪು ನಮ್ಮ ಕೋರ್ಟುಗಳನ್ನು ಕಟ್ಟಿಹಾಕುವುದಿಲ್ಲ, ನಿಜ. ಆದರೆ ಕಾಯ್ದೆ ಒಂದೇ, ತರ್ಕವೂ ಅದೇ.

ತಾಯಿ ಯಾಕಾಗಬಾರದು ಅಂತ ಅಲ್ಲೇ ಒಬ್ಬರು ಕೇಳಿದರು. ಪಾಪ, ಕೇಳಬೇಕಾದ ಪ್ರಶ್ನೆಯೇ. ಆ ಅಂಗಡಿಯ ಒಂದೊಂದು ಮೂಟೆಯ ಲೆಕ್ಕ ಆ ತಾಯಿಗೆ ಬಾಯಿಪಾಠ. ಆದರೆ ಸೊಸೆಯಾಗಿ ಬಂದವರಿಗೆ ಹುಟ್ಟಿನ ಹಕ್ಕು ಇಲ್ಲದ ಕಾರಣ ಅವರು ಕರ್ತೆ ಆಗುವಂತಿಲ್ಲ. 1965ರಲ್ಲೇ ಸುಪ್ರೀಂ ಕೋರ್ಟ್ ಹಾಗೆ ಹೇಳಿಬಿಟ್ಟಿದೆ. ನನಗೆ ಇದು ಇಂದಿಗೂ ಒಪ್ಪಿಗೆಯಾಗದ ಮಾತು. ಆದರೆ ಇರುವುದು ಹಾಗೆ.

ಕಿರಿಯ ತಮ್ಮ ಕರ್ತ ಆಗಲೇಬಾರದು ಅಂತಲೂ ಇಲ್ಲ. ಉಳಿದವರು ಒಪ್ಪಿದರೆ ಆಗಬಹುದು. ಆ ಒಪ್ಪಿಗೆಗೆ ಒಂದು ಪುಟ ಸಾಕು. ಇಂಥ ದಿನ ಕರ್ತರು ತೀರಿಕೊಂಡರು, ಕುಟುಂಬ ಒಟ್ಟಿಗೇ ಮುಂದುವರಿಯುತ್ತದೆ, ಇನ್ನು ಮುಂದೆ ಇವರು ಕರ್ತ, ಕೆಳಗೆ ಎಲ್ಲರ ಸೈ. ಅದರಲ್ಲಿ ಪಾಲಿನ ಮಾತು ಬರುವುದಿಲ್ಲ, ಆಸ್ತಿಯ ಷೆಡ್ಯೂಲ್ ಇರುವುದಿಲ್ಲ, ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗುವ ಕೆಲಸವಿಲ್ಲ. ಕಾಗದದಲ್ಲಿ ಚಕ್ಕುಬಂದಿ ಕಂಡರೆ, "ಬಿಟ್ಟುಕೊಟ್ಟಿರುತ್ತೇನೆ" ಅಂತ ಕಂಡರೆ, ಪೆನ್ನು ಕೆಳಗಿಡಿ.

ಈಗ ಪಾಲಿನ ಲೆಕ್ಕ. ಇಲ್ಲೇ ಜಾಸ್ತಿ ಜನ ತಪ್ಪುವುದು. ಸಾಲ ಕಳೆದು ಕುಟುಂಬದ ಆಸ್ತಿ 1 ಕೋಟಿ 20 ಲಕ್ಷ ಅಂದುಕೊಳ್ಳಿ. ಕರ್ತರು ಸಾಯುವ ಮುಂಚಿನ ಗಳಿಗೆಯಲ್ಲಿ ಆಸ್ತಿ ಪಾಲಾಯಿತು ಅಂತ ಕಾನೂನು ಭಾವಿಸಿಕೊಳ್ಳುತ್ತದೆ. ನಿಜವಾಗಿ ಗೋಡೆ ಎಬ್ಬಿಸುವುದಿಲ್ಲ, ಲೆಕ್ಕಕ್ಕೆ ಮಾತ್ರ. ಆಗ ತಂದೆ, ತಾಯಿ, ಮಗಳು, ಮಗ, ನಾಲ್ವರಿಗೂ 30 ಲಕ್ಷ. ತಂದೆಯ 30 ಲಕ್ಷ ಮತ್ತೆ ಮೂವರಿಗೆ ಸಮವಾಗಿ ಹೋಗುತ್ತದೆ, ತಲಾ 10 ಲಕ್ಷ. ಕೊನೆಗೆ ತಾಯಿಗೆ 40, ಮಗಳಿಗೆ 40, ಮಗನಿಗೆ 40. (ಅಜ್ಜಿ ಬದುಕಿದ್ದರೆ ಈ ಲೆಕ್ಕ ಬೇರೆಯಾಗುತ್ತದೆ, ಈ ಮನೆಯಲ್ಲಿ ಅಜ್ಜಿ ಇಲ್ಲ.)

ತಾಯಿಗೆ ಎರಡು ಸಲ ಬಂತಲ್ಲ ಅಂತ ಕಾಕಾ ಎದ್ದೇಬಿಟ್ಟರು. ಹೌದು, ಎರಡು ಸಲವೇ. ಒಂದು ಹೆಂಡತಿಯಾಗಿ ವಿಭಾಗದಲ್ಲಿ, ಇನ್ನೊಂದು ಗಂಡನ ವಾರಸುದಾರಳಾಗಿ. 1978ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ. ಪಾಲಾಯಿತು ಅಂತ ಭಾವಿಸಿದ ಮೇಲೆ ಅದರ ಪರಿಣಾಮ ಎಲ್ಲವನ್ನೂ ಒಪ್ಪಬೇಕು, ಅರ್ಧಕ್ಕೆ ನಿಲ್ಲಿಸುವಂತಿಲ್ಲ. ಆ ಪ್ರಕರಣ ಇಲ್ಲೇ ಪಕ್ಕದ ಸಾಂಗ್ಲಿ ಕೋರ್ಟಿನಿಂದ ಹೋಗಿದ್ದು. ಆದರೆ ಒಂದು ಎಚ್ಚರ. ಮದ್ರಾಸ್ ಕಡೆಯ ಪದ್ಧತಿಯಲ್ಲಿ ಹೆಂಡತಿಗೆ ಆ ಮೊದಲ ಪಾಲು ಇಲ್ಲ. ನಮ್ಮದು ಹಳೇ ಮುಂಬೈ ಪ್ರಾಂತ್ಯದ ಭಾಗ, ಇಲ್ಲಿ ಇದೆ. ಬೇರೆ ಕಡೆಯವರು ನಿಮ್ಮ ವಕೀಲರನ್ನು ಕೇಳಿಯೇ ಮುಂದೆ ಹೋಗಿ.

"ಅಣ್ಣ ವಿಲ್ ಬರದಿಟ್ಟಾನ, ಎಲ್ಲಾ ಮಗಗ ಅಂತ" ಅಂದರು ಕಾಕಾ. ಇರಲಿ. ಕರ್ತರು ವಿಲ್‌ನಲ್ಲಿ ಬರೆಯಬಹುದಾದದ್ದು ತಮ್ಮ 30 ಲಕ್ಷವನ್ನು ಮಾತ್ರ. ಆ ವಿಲ್ ಪೂರಾ ಗಟ್ಟಿಯಾಗಿದ್ದರೂ ಮಗನಿಗೆ 60, ತಾಯಿಗೆ 30, ಮಗಳಿಗೆ 30. ಆ 30ನ್ನು ಯಾವ ವಿಲ್ಲೂ ಮುಟ್ಟುವಂತಿಲ್ಲ. ಅದು ಅಪ್ಪನದ್ದಾಗಿರಲೇ ಇಲ್ಲ, ಅಲ್ವಾ?

ನೀವು ಹೇಳಬಹುದು, ಅಂಗಡಿ ನಡೆಯಬೇಕಲ್ಲ, ದಿನಾ ಬೆಳಗ್ಗೆ ಮೂವರ ಸೈಗೆ ಓಡಾಡುವುದಕ್ಕಾಗುತ್ತದಾ ಅಂತ. ಈ ಮಾತನ್ನು ನನಗೆ ಬಹಳ ಜನ ಹೇಳಿದ್ದಾರೆ. ಒಬ್ಬರು ಸೈ ಹಾಕಲಿ, ಬೇಡ ಅಂದವರು ಯಾರು? ಅದಕ್ಕೇ ಕರ್ತ ಅನ್ನುವ ಜಾಗ ಇರುವುದು. ಸೈ ಹಾಕುವ ಅನುಕೂಲಕ್ಕೆ ಅಕ್ಕನ 40 ಲಕ್ಷ ಯಾಕೆ ಕೊಡಬೇಕು?

ನಿಜ ಹೇಳಬೇಕೆಂದರೆ ಅಂಗಡಿ ನಿಲ್ಲುವುದೂ ಇಲ್ಲ. ಒಬ್ಬರದೇ ಮಾಲೀಕತ್ವದ ಅಂಗಡಿಯಾಗಿದ್ದರೆ ಮಾಲೀಕ ಹೋದ ಮೇಲೆ ಪ್ಯಾನ್ ಮುಗಿಯಿತು, ಜಿಎಸ್‌ಟಿ ನೋಂದಣಿ ಹೊಸದಾಗಿ ಮಾಡಿಸಬೇಕು. ಎಚ್‌ಯುಎಫ್‌ಗೆ, ಅಂದರೆ ಅವಿಭಕ್ತ ಕುಟುಂಬಕ್ಕೆ, ಅದು ಇಲ್ಲ. ಕುಟುಂಬ ಸತ್ತಿಲ್ಲವಲ್ಲ! ಪ್ಯಾನ್ ಅದೇ, ಜಿಎಸ್‌ಟಿ ನಂಬರ್ ಅದೇ. ಪೋರ್ಟಲ್‌ನಲ್ಲಿ ಹಳೇ ಕರ್ತರನ್ನು ತೆಗೆದು ಹೊಸಬರನ್ನು ಸೇರಿಸಲು 15 ದಿನದೊಳಗೆ ಅರ್ಜಿ ಹಾಕಬೇಕು. ಬ್ಯಾಂಕಿಗೆ ಮರಣ ಪ್ರಮಾಣಪತ್ರ, ಆ ಒಂದು ಪುಟದ ಒಪ್ಪಿಗೆ, ಹೊಸ ಕರ್ತರ ಕೆವೈಸಿ, ಹೊಸ ಸೈ ಮಾದರಿ. ಎಚ್‌ಯುಎಫ್ ಖಾತೆಗೆ ನಾಮಿನಿ ಇರುವುದಿಲ್ಲ, ಹಾಗಾಗಿ ಯಾರೋ ಒಬ್ಬರು ನಾನೇ ನಾಮಿನಿ ಅಂತ ಬಂದರೆ ನಂಬಬೇಡಿ. ಮತ್ತೆ ಒಂದು ಸಣ್ಣ ವಿಷಯ, ತೀರಿಕೊಂಡವರ ಸಿಮ್ ಬಂದ್ ಮಾಡಿಸಲು ಅವಸರ ಬೇಡ. ಈ ಮನೆಯಲ್ಲಿ ಮೂರನೇ ದಿನವೇ ಬಂದ್ ಮಾಡಿಸಿದ್ದಾರೆ. ಲಾಗಿನ್‌ಗಳ ಒಟಿಪಿ ಎಲ್ಲ ಅದೇ ನಂಬರಿಗೆ ಹೋಗುತ್ತಿತ್ತು.

ನನ್ನದೂ ಒಂದು ಇದೆ, ಹೇಳಿಬಿಡುತ್ತೇನೆ. ಈ ಕೆಲಸಕ್ಕೆ ಬಂದ ಹೊಸದರಲ್ಲಿ ನಾನೇ ಹೇಳಿದ್ದೇನೆ, "ಹೆಣ್ಣುಮಕ್ಕಳ ಹತ್ತಿರ ಒಂದು ಬಿಡುಗಡೆ ಪತ್ರ ಬರೆಸಿಕೊಂಡುಬಿಡಿ, ಮುಂದೆ ತೊಂದರೆ ಇರೋದಿಲ್ಲ" ಅಂತ. ಒಂದು ಸಲವಲ್ಲ, ಐದಾರು ಮನೆಗಳಲ್ಲಿ. ಆಗ ಅದು ಅಚ್ಚುಕಟ್ಟಾದ ಕೆಲಸ ಅನ್ನಿಸಿತ್ತು. ಅದರಲ್ಲಿ ಒಂದು ಮನೆಯ ಮಗಳು ಗಂಡನನ್ನು ಕಳೆದುಕೊಂಡು, ಎರಡು ಮಕ್ಕಳೊಂದಿಗೆ ವರ್ಷಗಳ ನಂತರ ನನ್ನ ಕಚೇರಿಗೆ ಬಂದಿದ್ದರು. "ಅವತ್ತು ಸೈ ಹಾಕಿದ್ದು ಏನಕ್ಕ ಸರ್?" ಅಂತ ಕೇಳಿದರು, ಅಷ್ಟೇ. ನನ್ನ ಹತ್ತಿರ ಉತ್ತರ ಇರಲಿಲ್ಲ. ನಿನ್ನೆ ಆ ಪೆನ್ನು ಕಂಡ ತಕ್ಷಣ ನನಗೆ ನೆನಪಾದದ್ದು ಅವರ ಮುಖ.

ನಿನ್ನೆ ಕೊನೆಗೆ ಮಗಳೇ ಮಾತಾಡಿದಳು. ಸಿಟ್ಟಿನಿಂದಲ್ಲ. ತಮ್ಮನ ಕಡೆ ತಿರುಗಿ, "ಕರ್ತ ನೀನs ಆಗಪ್ಪ, ನಾ ಒಪ್ಪಿಗಿ ಕೊಡತೀನಿ. ಆದ್ರ ಪಾಲು ಬಿಡಂಗಿಲ್ಲ. ಅವ್ವಂದೂ ಬಿಡಸಂಗಿಲ್ಲ" ಅಂದಳು. ತಮ್ಮ ತಲೆ ಬಗ್ಗಿಸಿ, "ಆತಕ್ಕ" ಅಂದ. ಕಾಕಾ ಎದ್ದು ಹೊರಗೆ ಹೋದರು.

ಆ ಒಂದು ಪುಟವನ್ನು ಇವತ್ತು ಬೆಳಗ್ಗೆ ನಾನೇ ಟೈಪ್ ಮಾಡಿದೆ. ಜಿಎಸ್‌ಟಿ ಅರ್ಜಿಗೆ ಇನ್ನು ಮೂರು ದಿನವಿದೆ. ನಾಳೆ ಮೂವರೂ ಬರುತ್ತಾರೆ. ತಾಯಿಗೆ ಕನ್ನಡಕ ಮರೆಯದೆ ತರಲು ಹೇಳಿದ್ದೇನೆ, ಓದಿಯೇ ಸೈ ಹಾಕಲಿ ಅಂತ.