ಐದು ಜನ ತಿದ್ದಿದ ನನ್ನ ಎಸ್‌ಒಪಿ

ನವೆಂಬರ್ ಬಂತು ಅಂದ್ರೆ ಜೂನಿಯರ್‌ಗಳ ಎಸ್‌ಒಪಿ, ಅಂದ್ರೆ ಯಾಕೆ ಓದಬೇಕು ಅಂತಿದ್ದೀನಿ ಅಂತ ಅರ್ಜಿಯ ಜೊತೆ ಬರೆದುಕೊಡುವ ಪ್ರಬಂಧದ ಕರಡುಗಳು ಬರೋಕೆ ಶುರು. ಅಮೆರಿಕದ ಬಹಳಷ್ಟು ಯೂನಿವರ್ಸಿಟಿಗಳ ಕೊನೆಯ ದಿನಾಂಕ ಡಿಸೆಂಬರ್‌ನಲ್ಲೇ ಇರುತ್ತದಲ್ಲ. ಮೊನ್ನೆ ಒಬ್ಬಳು ಕಳಿಸಿದ್ದನ್ನು ಓದಿದೆ. ಇಂಗ್ಲಿಷ್ ಚೊಕ್ಕವಾಗಿತ್ತು, ಆದರೆ ಒಂದೊಂದು ಪ್ಯಾರಾ ಒಬ್ಬೊಬ್ಬರು ಮಾತಾಡಿದ ಹಾಗಿತ್ತು. ವಿಚಾರಿಸಿದರೆ, "ಆರು ಜನಕ್ಕೆ ತೋರಿಸಿದ್ದೆ ಸರ್, ಎಲ್ಲರೂ ಹೇಳಿದ್ದನ್ನೂ ಹಾಕಿದೀನಿ" ಅಂದಳು.

ನಗು ಬಂತು. ನಾನೂ ಅದನ್ನೇ ಮಾಡಿದ್ದೆ.

ನಾನು ಅರ್ಜಿ ಹಾಕಿದ್ದು ಅಂತರ್ಜಲದ ವಿಷಯದಲ್ಲಿ ಎಂಎಸ್‌ಗೆ. ತುಮಕೂರು ಕಡೆಯವನು. ಮೊದಲ ಕರಡು ನಮ್ಮ ತಾತನ ಅಡಿಕೆ ತೋಟದಿಂದ ಶುರುವಾಗುತ್ತಿತ್ತು. ಮೂರನೇ ಬೋರು, 900 ಅಡಿ, ಬರೀ ಧೂಳು. ರಿಗ್ ಲಾರಿ ಹೋದಮೇಲೂ ತಾತ ಆ ಬಿಳಿ ಪುಡಿಯನ್ನು ಕೈಯಲ್ಲಿ ಹಿಡಿದುಕೊಂಡು ಕೂತಿದ್ದರು. ಅಷ್ಟೇ, ನಾಲ್ಕು ಸಾಲು.

ಆ ನಾಲ್ಕು ಸಾಲಿಗೆ ಬಂದ ಕಾಮೆಂಟ್ ನೋಡಿ. ಪ್ರಾಜೆಕ್ಟ್ ಗೈಡ್ ಮೇಡಂ: "ಬಾಲ್ಯದ ಕಥೆ ಬೇಡ, ತೆಗೆದುಬಿಡು." ಆಗಲೇ ಅಮೆರಿಕದಲ್ಲಿ ಓದುತ್ತಿದ್ದ ಸೀನಿಯರ್: "ಇನ್ನೂ ಸ್ವಲ್ಪ ಎಮೋಷನಲ್ ಮಾಡೋ." ಸಾಫ್ಟ್‌ವೇರ್‌ನಲ್ಲಿರುವ ದೊಡ್ಡಪ್ಪನ ಮಗ ಸುಮ್ನೆ ಕಾಮೆಂಟ್ ಹಾಕಲಿಲ್ಲ, ತಾನೇ ತಿದ್ದಿಬಿಟ್ಟ. ತಾತ ಮಾಯವಾಗಿ ಅಲ್ಲಿ "ಜಾಗತಿಕ ನೀರಿನ ಬಿಕ್ಕಟ್ಟು", "ಪ್ಯಾಶನೇಟ್" ಬಂದು ಕೂತಿದ್ದವು. ಇನ್ನಿಬ್ಬರು ಗೆಳೆಯರು ತಲಾ ಒಂದು ಪ್ಯಾರಾ ಸೇರಿಸಿದರು. ಮಿತಿ 1000 ಪದ, ನನ್ನದು 1380 ಆಗಿತ್ತು.

ಒಂದು ರಾತ್ರಿ ಎಲ್ಲವನ್ನೂ ಪಕ್ಕಪಕ್ಕ ಇಟ್ಟುಕೊಂಡು ಕೂತೆ. ಪರಿಹಾರಗಳು ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ಆದರೆ ಮೊದಲ ಮೂವರೂ ಎಡವಿದ್ದು ಒಂದೇ ಜಾಗದಲ್ಲಿ, ತಾತನ ಪ್ಯಾರಾದ ಕೊನೆಯಲ್ಲಿ. ಯಾಕೆ? ಬೋರು ಬತ್ತಿತು, ಸರಿ, ಅದಕ್ಕೆ ನೀನೇನು ಮಾಡಿದೆ ಅನ್ನೋದು ಅಲ್ಲಿ ಇರಲೇ ಇಲ್ಲ. ಮುಂದಿನ ಸಾಲಲ್ಲಿ ನೇರವಾಗಿ ನನ್ನ ಮಾರ್ಕ್ಸು! ಓದುವವರಿಗೆ ಏನೋ ತಪ್ಪಿದೆ ಅಂತ ಗೊತ್ತಾಗುತ್ತದೆ. ಏನು ತಪ್ಪಿದೆ ಅನ್ನೋದನ್ನು ಮಾತ್ರ ಒಬ್ಬೊಬ್ಬರು ಒಂದೊಂದು ಥರ ಊಹಿಸುತ್ತಾರೆ, ಯಾಕಂದ್ರೆ ಆ ಕೆಲಸ ಮಾಡಿದವರು ಅವರಲ್ಲ.

ಉತ್ತರ ನನ್ನ ಫೈನಲ್ ಇಯರ್ ಪ್ರಾಜೆಕ್ಟಿನಲ್ಲೇ ಇತ್ತು. ಊರ ಕೆರೆಯ ಹೂಳು ತೆಗೆದ ಮೇಲೆ, ಸುತ್ತ ಪಂಪು ಇಳಿಸದೆ ಬಿಟ್ಟಿದ್ದ 11 ಬೋರುಗಳಲ್ಲಿ ನೀರಿನ ಮಟ್ಟ ಅಳೆದಿದ್ದೆವು. ಏರಿಯ ಕೆಳಗಿನ ಆರರಲ್ಲಿ ನೀರು ಮೇಲೆ ಬಂದಿತ್ತು. ಅದೇ ಸಾಲಿನಲ್ಲಿದ್ದ ಇನ್ನೆರಡರಲ್ಲಿ ಇಲ್ಲ. ಮಧ್ಯೆ ನೀರಿಗೆ ಅಡ್ಡಲಾಗಿ, ನೆಲದಡಿಯ ಗೋಡೆಯ ಹಾಗೆ ಕರಿಕಲ್ಲಿನ ಡೈಕ್ ಹಾದುಹೋಗಿದೆಯೇನೋ ಅನ್ನೋ ಅನುಮಾನ. ಅದನ್ನೇ ಮುಂದೆ ಓದಬೇಕು ಅಂತ ಹೊರಟಿದ್ದು. ತಾತನನ್ನು ಎರಡು ಸಾಲಿಗೆ ಇಳಿಸಿ ಇದನ್ನು ಕೆಳಗೆ ಬರೆದೆ. ಮೇಡಂಗೆ ಮತ್ತೆ ತೋರಿಸಿದಾಗ ತಾತನ ಬಗ್ಗೆ ಅವರು ಚಕಾರ ಎತ್ತಲಿಲ್ಲ.

ಎಲ್ಲ ಕಾಮೆಂಟನ್ನೂ ಹೀಗೆ ಅನುಮಾನಿಸಬೇಕಿಲ್ಲ. "ಎಲ್ಲ ಕಡೆ 'ನಾವು' ಅಂತಿದೆ, ಪ್ರಾಜೆಕ್ಟಿನ ಮೂವರಲ್ಲಿ ನೀನು ಮಾಡಿದ್ದೇನು?" ಅಂತ ಮೇಡಂ ಕೇಳಿದ್ದು ನೂರಕ್ಕೆ ನೂರು ಸರಿ. ಶಿಫಾರಸು ಪತ್ರ ಬರೆಯುವವರೂ ಅವರೇ. ಎರಡೂ ತಾಳೆಯಾಗಬೇಕಲ್ವಾ? ವ್ಯಾಕರಣ, ಪ್ರೊಫೆಸರ್ ಹೆಸರಿನ ಸ್ಪೆಲ್ಲಿಂಗ್ ತಿದ್ದಿದರೆ ಕಣ್ಣುಮುಚ್ಚಿ ಒಪ್ಪಿಕೊಳ್ಳಿ. "ತಪ್ಪು ಇಂಗ್ಲಿಷೇ ನನ್ನ ಧಾಟಿ" ಅನ್ನೋದು ಬರೀ ಹಠ.

ಒಂದನ್ನು ಮಾತ್ರ ಬಿಟ್ಟುಕೊಡಲಿಲ್ಲ. ಅಳೆಯುವ ಟೇಪು ಎಳೆದಾಡಿ ಹಿಗ್ಗಿದ್ದರಿಂದ ನಮ್ಮ ಎರಡು ತಿಂಗಳ ಲೆಕ್ಕ ಹಾಳಾಗಿತ್ತು. "ಅದನ್ನೆಲ್ಲ ಯಾಕೆ ಹೇಳ್ಕೋತೀಯ" ಅಂದ ಸೀನಿಯರ್. ಹೇಗೆ ಗೊತ್ತಾಯಿತು, ಹೇಗೆ ಮತ್ತೆ ಅಳೆದೆವು ಅಂತ ಎರಡು ಸಾಲು ಉಳಿಸಿಕೊಂಡೆ. ಆ ಎರಡು ಸಾಲನ್ನು ನನ್ನ ಬದಲು ಬೇರೆ ಯಾರೂ ಬರೆಯೋಕೆ ಆಗುತ್ತಿರಲಿಲ್ಲ.

ಈಗ ಕೇಳಿದವರಿಗೆ ಹೇಳೋದು ಇಷ್ಟು. ಯಾರ ಕೈಗೂ ಹೋಗುವ ಮೊದಲಿನ ಕರಡಿನ ಒಂದು ಪ್ರತಿ ಬೇರೆ ಇಟ್ಟುಕೊಳ್ಳಿ. ಗೂಗಲ್ ಡಾಕ್ಸ್‌ನಲ್ಲಿ ಕಾಮೆಂಟ್ ಹಾಕೋಕೆ ಮಾತ್ರ ಅವಕಾಶ ಕೊಡಿ, ತಿದ್ದೋಕೆ ಬೇಡ. "ಹೇಗಿದೆ?" ಅಂತ ಕೇಳಬೇಡಿ. ಓದಿ ಮುಚ್ಚಿದ ಮೇಲೆ ನೆನಪಿರೋದೇನು, ಎಲ್ಲಿ ನಿಂತು ಎರಡನೇ ಸಲ ಓದಿದಿರಿ, ಇವೆರಡೇ ಕೇಳಿ. ಬೇರೆಯವರು ಕೊಟ್ಟ ವಾಕ್ಯದ ಮೇಲೆ ಆಸೆಯಾದರೆ ಅದನ್ನು ಅಮ್ಮನಿಗೆ ಕನ್ನಡದಲ್ಲಿ ಹೇಳಿ ನೋಡಿ. "ಪ್ಯಾಶನೇಟ್" ಅನ್ನೋದನ್ನು ನಾನು ಹೇಳೋಕೆ ಹೋಗಿ ತೊದಲಿದೆ. ಕೆರೆ, ಬೋರು ಸಲೀಸಾಗಿ ಬಂತು.

ಕೊನೆಯ ಪ್ರತಿ ನೋಡಿ ದೊಡ್ಡಪ್ಪನ ಮಗ ಫೋನ್ ಮಾಡಿದ್ದ. "ನಂದು ಒಂದು ಪದಾನೂ ಇಟ್ಟಿಲ್ವಲ್ಲೋ!"

"ಇಲ್ಲ ಅಣ್ಣ. ಆದ್ರೆ ನೀನು ಅಳಿಸಿದ ಜಾಗದಲ್ಲೇ ಜಾಸ್ತಿ ಕೆಲಸ ಮಾಡಿದೀನಿ" ಅಂದೆ.